ಹಾಲಿನ ಬಾಟಲಿ, ಪ್ಯಾಸಿಫೈಯರ್: ಫೋಟೋ ನೋಡಿಯೇ ಅರ್ಧ ಪರೀಕ್ಷೆ ಮುಗಿಸುವುದು ಹೇಗೆ

ತಂಗಿಯ ಮಗುವಿನ ನಾಮಕರಣ ದಾವಣಗೆರೆಯಲ್ಲಿ ಆಯಿತು. ಬೆಳ್ಳಿ ಲೋಟ, ಉಡುಪು, ಆಟಿಕೆ ಜೊತೆಗೆ ಯಾರೋ ಒಂದು ಗಿಫ್ಟ್ ಸೆಟ್ ಕೊಟ್ಟಿದ್ದರು. ಅದರಲ್ಲಿ ಒಂದು ಹಾಲಿನ ಬಾಟಲಿ, ಒಂದು ಪ್ಯಾಸಿಫೈಯರ್. ರಾತ್ರಿ ಒಂಬತ್ತಕ್ಕೆ ವಾಟ್ಸಾಪ್‌ನಲ್ಲಿ ಫೋಟೋ ಬಂತು. "ಅಣ್ಣ, ಅಡಿಯಲ್ಲಿ ಏನೋ ನಂಬರ್ ಇದೆ. ಇದು ಒಳ್ಳೇದಾ? ನೋಡಿ ಹೇಳು."

ನಾನು ಪೀಣ್ಯದಲ್ಲಿ ಪ್ಲಾಸ್ಟಿಕ್ ಮೋಲ್ಡಿಂಗ್ ಮಾಡುವ ಒಂದು ಘಟಕದಲ್ಲಿ ಕ್ವಾಲಿಟಿ ನೋಡುವವನು. ನಮ್ಮಲ್ಲಿ ಮುಚ್ಚಳ, ಡಬ್ಬಿ ಮಾಡುತ್ತಾರೆ, ಮಕ್ಕಳ ಬಾಟಲಿ ಅಲ್ಲ. ಆದರೆ ಅಚ್ಚಿನಿಂದ ಬಂದ ವಸ್ತು ಯಾವುದೇ ಇರಲಿ, ಅದು ಹೇಗೆ ತಯಾರಾಯಿತು ಅನ್ನುವುದನ್ನು ಅದರ ಮೈಯೇ ಹೇಳುತ್ತದೆ. ತಂಗಿ ಮತ್ತು ನಾನು ಆ ಸೆಟ್ಟನ್ನು ಹೇಗೆ ಪರೀಕ್ಷಿಸಿದೆವು ಅನ್ನುವುದನ್ನೇ ಹಂತ ಹಂತವಾಗಿ ಬರೆಯುತ್ತೇನೆ. ಅಂಗಡಿಯವರು ಕಳಿಸಿದ ಫೋಟೋಗೂ, ಆನ್‌ಲೈನ್‌ನಲ್ಲಿ ಕಾಣುವ ಫೋಟೋಗೂ ಇದೇ ದಾರಿ.

ಹಂತ 1: ಸರಿಯಾದ ಫೋಟೋ ತೆಗೆಸಿ

ತಂಗಿ ಮೊದಲು ಕಳಿಸಿದ ಫೋಟೋ ಚೆನ್ನಾಗಿತ್ತು, ಉಪಯೋಗಕ್ಕೆ ಬರಲಿಲ್ಲ. ಬಾಟಲಿ ನಿಂತಿದೆ, ಹಿಂದೆ ಹೂವಿನ ಹಾಸು. ಅಡಿಯ ಅಕ್ಷರಗಳು ಬಾಟಲಿಯದೇ ಬಣ್ಣದಲ್ಲಿ ಉಬ್ಬಿರುತ್ತವೆ. ಶಾಯಿ ಇರುವುದಿಲ್ಲ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಎಲ್ಲ ಬೆಳ್ಳಗಾಗಿ ಅಕ್ಷರ ಮಾಯವಾಗುತ್ತದೆ.

ಹೀಗೆ ಮಾಡಿಸಿ. ಬಾಟಲಿಯನ್ನು ಒಣಗಿಸಿ, ಕಪ್ಪು ಬಟ್ಟೆಯ ಮೇಲೆ ಬೋರಲು ಇಡಿ. ಕೋಣೆಯ ಲೈಟ್ ಕಡಿಮೆ ಮಾಡಿ. ಇನ್ನೊಂದು ಫೋನಿನ ಟಾರ್ಚನ್ನು ಪಕ್ಕದಿಂದ, ಬಾಟಲಿಯ ಅಡಿಗೆ ತಾಗುವಷ್ಟು ತಗ್ಗಿನಲ್ಲಿ ಹಿಡಿಯಿರಿ. ಉಬ್ಬಿದ ಗೆರೆಗೆ ನೆರಳು ಬೀಳುತ್ತದೆ, ಅಕ್ಷರ ಎದ್ದು ಕಾಣುತ್ತದೆ. ಕ್ಯಾಮೆರಾವನ್ನು ಒಂದು ಗೇಣು ದೂರದಲ್ಲಿ ಹಿಡಿದು ಎರಡು ಪಟ್ಟು ಜೂಮ್ ಮಾಡಿ. ತೀರಾ ಹತ್ತಿರ ಹಿಡಿದರೆ ಫೋಕಸ್ ಆಗುವುದಿಲ್ಲ.

ನನಗೆ ಬೇಕಾಗಿದ್ದು ಆರು ಫೋಟೋ. ಬಾಟಲಿಯ ಅಡಿ. ಕಿಟಕಿ ಬೆಳಕಿಗೆ ಎತ್ತಿ ಹಿಡಿದ ಬಾಟಲಿ. ಬಾಯಿ ಮತ್ತು ತಿರುಪು. ಪೆಟ್ಟಿಗೆಯ ನಾಲ್ಕೂ ಬದಿ ಒಂದೇ ಫೋಟೋದಲ್ಲಿ ಸಿಗುವುದಿಲ್ಲ, ಅದಕ್ಕೆ ಎರಡು. ಕೊನೆಗೆ ಪ್ಯಾಸಿಫೈಯರ್, ಪಕ್ಕದಲ್ಲಿ ಸ್ಕೂಲ್ ಮಕ್ಕಳ ಸ್ಕೇಲ್ ಇಟ್ಟು. ವಾಟ್ಸಾಪ್ ಫೋಟೋವನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಆದ್ದರಿಂದ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ. ಈ ಒಂದು ಬದಲಾವಣೆಯಿಂದಲೇ ಅರ್ಧ ತಲೆನೋವು ಹೋಗುತ್ತದೆ.

ಆನ್‌ಲೈನ್ ಅಂಗಡಿಯಲ್ಲಿ ಇನ್ನೊಂದು ತೊಂದರೆ ಇದೆ. ಅಲ್ಲಿನ ಎಷ್ಟೋ ಚಿತ್ರಗಳು ಫೋಟೋಗಳೇ ಅಲ್ಲ, ಕಂಪ್ಯೂಟರ್‌ನಲ್ಲಿ ಬಿಡಿಸಿದವು. ಬಾಟಲಿಗೆ ಎಲ್ಲೂ ಜೋಡಣೆಯ ಗೆರೆ ಇರುವುದಿಲ್ಲ, ಅಡಿಯಲ್ಲಿ ಅಕ್ಷರ ಇರುವುದಿಲ್ಲ, ಅಳತೆಯ ಗೆರೆಗಳು ಬಾಟಲಿಯ ಬಾಗಿನ ಜೊತೆ ಬಾಗದೆ ನೇರ ನಿಂತಿರುತ್ತವೆ. ಅಂಥ ಚಿತ್ರದಿಂದ ಏನೂ ತೀರ್ಮಾನಿಸಬೇಡಿ. ಕೊಂಡವರು ಹಾಕಿದ ಫೋಟೋಗಳನ್ನು ಹುಡುಕಿ.

ಹಂತ 2: ತ್ರಿಕೋನದೊಳಗಿನ ಅಂಕಿ ಓದಿ

ಬಾಟಲಿಯ ಅಡಿಯಲ್ಲಿ ಮೂರು ಬಾಣಗಳ ಅಥವಾ ಗಟ್ಟಿ ಗೆರೆಯ ಒಂದು ತ್ರಿಕೋನ, ಅದರೊಳಗೆ 1ರಿಂದ 7ರವರೆಗಿನ ಒಂದು ಅಂಕಿ ಇರುತ್ತದೆ. ಇದನ್ನು ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ 1988ರಲ್ಲಿ ತಂದಿತು. ಉದ್ದೇಶ ಇಷ್ಟೇ: ಕಸ ಬೇರ್ಪಡಿಸುವವರಿಗೆ ಇದು ಯಾವ ಪ್ಲಾಸ್ಟಿಕ್ ಅಂತ ಗೊತ್ತಾಗಬೇಕು. ಮಗುವಿಗೆ ಒಳ್ಳೆಯದೋ ಕೆಟ್ಟದ್ದೋ ಅನ್ನುವುದಕ್ಕೂ ಆ ಅಂಕಿಗೂ ಸಂಬಂಧವೇ ಇಲ್ಲ. ಆದರೂ ಯಾವ ಪ್ಲಾಸ್ಟಿಕ್ ಅಂತ ಹೇಳುವುದರಿಂದ ನಮಗೆ ಅದು ಉಪಯೋಗಕ್ಕೆ ಬರುತ್ತದೆ.

ಹಾಲಿನ ಬಾಟಲಿಯಲ್ಲಿ ನಿಮಗೆ ಮುಖ್ಯವಾಗಿ ಸಿಗುವುದು 5 ಅಥವಾ 7. 5 ಅಂದರೆ ಪಾಲಿಪ್ರೊಪಿಲೀನ್, ನಮ್ಮ ಭಾಷೆಯಲ್ಲಿ ಪಿಪಿ. ಕುದಿಯುವ ನೀರನ್ನು ತಡೆಯುತ್ತದೆ. 1 ಕಂಡರೆ ಅದು ಕುಡಿಯುವ ನೀರಿನ ಬಾಟಲಿಯ ಪೆಟ್, ಬಿಸಿ ನೀರಿಗೆ ಸೊಟ್ಟಗಾಗುತ್ತದೆ, ಕುದಿಸಿ ಶುದ್ಧ ಮಾಡಲು ಆಗುವುದಿಲ್ಲ. 3 ಅಂದರೆ ಪಿವಿಸಿ, 6 ಅಂದರೆ ಪಾಲಿಸ್ಟೈರೀನ್. ಎರಡೂ ಮಗುವಿನ ಹಾಲಿಗೆ ಬೇಡ.

ಗೊಂದಲ ಇರುವುದು 7ರಲ್ಲಿ. ಅದು ಒಂದು ಪ್ಲಾಸ್ಟಿಕ್‌ನ ಹೆಸರಲ್ಲ, "ಮೇಲಿನ ಆರರಲ್ಲಿ ಯಾವುದೂ ಅಲ್ಲ" ಅಂತ ಅರ್ಥ. ದುಬಾರಿ ಬಾಟಲಿಗಳ ಪಿಪಿಎಸ್‌ಯು ಕೂಡ 7. ಟ್ರೈಟಾನ್ ಕೂಡ 7. ಹಳೆಯ ಪಾಲಿಕಾರ್ಬೊನೇಟ್ ಕೂಡ 7. ದೇಹದ ಹಾರ್ಮೋನುಗಳಿಗೆ ಅಡ್ಡಿ ಮಾಡುತ್ತದೆ ಅನ್ನುವ ಬಿಸ್ಫಿನಾಲ್ ಎ, ಅಂದರೆ ಬಿಪಿಎ ರಾಸಾಯನಿಕ ಬಿಡುವುದು ಈ ಪಾಲಿಕಾರ್ಬೊನೇಟ್. ಯುರೋಪಿನಲ್ಲಿ 2011ರಲ್ಲಿ ಅದರಿಂದ ಮಾಡಿದ ಹಾಲಿನ ಬಾಟಲಿಗಳನ್ನು ನಿಷೇಧಿಸಿದರು. ನಮ್ಮ ಭಾರತೀಯ ಮಾನಕ ಬ್ಯೂರೋ 2015ರಲ್ಲಿ ಬಾಟಲಿಯ ಮಾನದಂಡವನ್ನು ಬದಲಿಸಿ ಪಾಲಿಕಾರ್ಬೊನೇಟ್ ಬೇಡ ಅಂದಿತು.

ಆದ್ದರಿಂದ 7 ಕಂಡರೆ ಅಲ್ಲಿಗೇ ನಿಲ್ಲಬೇಡಿ. ತ್ರಿಕೋನದ ಕೆಳಗೆ ಅಥವಾ ಪಕ್ಕದಲ್ಲಿ ಪ್ಲಾಸ್ಟಿಕ್‌ನ ಹೆಸರು ಇದೆಯೇ ನೋಡಿ. ಒಳ್ಳೆಯ ತಯಾರಕರು `>PPSU<` ಅಂತ ಎರಡು ಬಾಣದ ತಲೆಗಳ ನಡುವೆ ಬರೆಯುತ್ತಾರೆ. `>PC<` ಇದ್ದರೆ ಪಾಲಿಕಾರ್ಬೊನೇಟ್, ಬೇಡ. ಬರೀ 7 ಇದ್ದು ಬೇರೆ ಏನೂ ಇಲ್ಲದಿದ್ದರೆ ನನ್ನ ಉತ್ತರ ಯಾವಾಗಲೂ ಒಂದೇ: ಹಿಂದಕ್ಕೆ ಕೊಡಿ. ತನ್ನ ವಸ್ತುವಿನ ಹೆಸರು ಹೇಳಲು ಇಷ್ಟವಿಲ್ಲದವನ ಬಾಟಲಿಯನ್ನು ನಾವೇಕೆ ನಂಬಬೇಕು?

"ಬಿಪಿಎ ಫ್ರೀ" ಅನ್ನುವ ಹಸಿರು ಮುದ್ರೆಯ ಬಗ್ಗೆ ಒಂದು ಮಾತು. ಪಿಪಿ ತಯಾರಿಸಲು ಬಿಪಿಎ ಬೇಕಾಗುವುದೇ ಇಲ್ಲ. ಹಾಗಾಗಿ ಪಿಪಿ ಬಾಟಲಿ ಮೇಲೆ ಬಿಪಿಎ ಫ್ರೀ ಅಂತ ಬರೆಯುವುದು ಇಡ್ಲಿಯಲ್ಲಿ ಮೆಣಸಿನಕಾಯಿ ಇಲ್ಲ ಅಂದ ಹಾಗೆ. ನಿಜ, ಆದರೆ ಅದರಿಂದ ಹೊಸದೇನೂ ತಿಳಿಯುವುದಿಲ್ಲ. ಆ ಮುದ್ರೆಯನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು.

ಹಂತ 3: ಅಂಕಿಗೂ ಬಾಟಲಿಯ ರೂಪಕ್ಕೂ ತಾಳೆ ನೋಡಿ

ನನಗೆ ತುಂಬಾ ಇಷ್ಟದ ಹಂತ ಇದು. ಸುಳ್ಳು ಸಿಕ್ಕಿಬೀಳುವುದು ಇಲ್ಲಿಯೇ.

ಕಿಟಕಿ ಬೆಳಕಿಗೆ ಹಿಡಿದ ಫೋಟೋ ತೆಗೆದುಕೊಳ್ಳಿ. ಪಿಪಿ ಸಾಮಾನ್ಯವಾಗಿ ಸ್ವಲ್ಪ ಮಂಜು ಮಂಜಾಗಿ ಇರುತ್ತದೆ, ಗಂಜಿ ತಿಳಿ ಹಾಗೆ. ಈಗ ಸಾಕಷ್ಟು ತಿಳಿಯಾದ ಪಿಪಿಯೂ ಬರುತ್ತದೆ, ಆದರೂ ಗಾಜಿನ ಹೊಳಪು ಬರುವುದಿಲ್ಲ. ಪಿಪಿಎಸ್‌ಯು ಬಣ್ಣ ಹಾಕದಿದ್ದರೆ ತಿಳಿ ಜೇನಿನ ಬಣ್ಣದಲ್ಲಿರುತ್ತದೆ. ಪಾಲಿಕಾರ್ಬೊನೇಟ್ ಮತ್ತು ಟ್ರೈಟಾನ್ ಎರಡೂ ಗಾಜಿನಂತೆ ಸ್ವಚ್ಛ. ಫೋಟೋದಲ್ಲಿ ಈ ಎರಡನ್ನು ಬೇರ್ಪಡಿಸಲು ನನ್ನಿಂದಲೂ ಆಗುವುದಿಲ್ಲ, ಯಾರಿಂದಲೂ ಆಗುವುದಿಲ್ಲ.

ತಂಗಿಯ ಬಾಟಲಿ ಕಿಟಕಿಯ ಸರಳುಗಳನ್ನು ಚೂರೂ ಮಸುಕಿಲ್ಲದೆ ತೋರಿಸುತ್ತಿತ್ತು. ಅಡಿಯಲ್ಲಿ ಉಬ್ಬಿದ 7, ಹೆಸರಿಲ್ಲ. ಪೆಟ್ಟಿಗೆಯ ಮೇಲೆ ಮಾತ್ರ ತ್ರಿಕೋನದೊಳಗೆ 5! ಒಂದೇ ಬಾಟಲಿ ಎರಡೂ ಆಗಲು ಸಾಧ್ಯವಿಲ್ಲ. ಪೆಟ್ಟಿಗೆಯ 5 ಮುಚ್ಚಳದ್ದೋ ಏನೋ ಅಂತ ಒಂದು ಕ್ಷಣ ಅನುಮಾನ ಬಂತು. ಆದರೆ ಪಕ್ಕದಲ್ಲೇ ಬಾಟಲಿಯ ಚಿತ್ರ ಇತ್ತು.

ಖಚಿತ ಮಾಡಿಕೊಳ್ಳಲು ಮನೆಯಲ್ಲೇ ಒಂದು ಪರೀಕ್ಷೆ ಇದೆ. ಪಿಪಿ ನೀರಿಗಿಂತ ಹಗುರ, ಒಂದು ಘನ ಸೆಂಟಿಮೀಟರ್‌ಗೆ ಸುಮಾರು 0.9 ಗ್ರಾಂ. ಪಾಲಿಕಾರ್ಬೊನೇಟ್, ಟ್ರೈಟಾನ್ ಎರಡೂ ಸುಮಾರು 1.2, ಪಿಪಿಎಸ್‌ಯು ಇನ್ನೂ ಭಾರ. ಮುಚ್ಚಳ, ನಿಪ್ಪಲ್ ಎಲ್ಲ ತೆಗೆದು ಬರೀ ಬಾಟಲಿಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಒಳಗಿನ ಗಾಳಿ ಪೂರ್ತಿ ಹೋಗುವ ಹಾಗೆ ಓರೆ ಮಾಡಿ, ಬಿಡಿ. ಪಿಪಿ ಮೇಲೆ ಬರುತ್ತದೆ. ತಂಗಿಯದು ಕಲ್ಲಿನ ಹಾಗೆ ತಳಕ್ಕೆ ಹೋಯಿತು, ಅವಳು ವಿಡಿಯೋ ಕಳಿಸಿದಳು. ಪೆಟ್ಟಿಗೆ ಸುಳ್ಳು ಹೇಳಿದೆ ಅಂತ ಅಲ್ಲಿಗೆ ಇತ್ಯರ್ಥ ಆಯಿತು. ಹಾಗಂತ ಅದು ಪಾಲಿಕಾರ್ಬೊನೇಟೇ ಅಂತ ಹೇಳಲಾಗದು. ಟ್ರೈಟಾನ್ ಕೂಡ ಮುಳುಗುತ್ತದೆ ಅಲ್ವಾ? ಅದನ್ನು ಹೇಳಬೇಕಾದದ್ದು ಲ್ಯಾಬ್.

ಹಂತ 4: ಐಎಸ್ಐ ಗುರುತು ಮತ್ತು ಅದರ ನಂಬರ್

ನಮ್ಮ ದೇಶದಲ್ಲಿ ಹಾಲಿನ ಬಾಟಲಿಗೆ 1992ರ ಒಂದು ಕಾನೂನು ಇದೆ. ಹಾಲಿನ ಪುಡಿ, ಶಿಶು ಆಹಾರ, ಹಾಲಿನ ಬಾಟಲಿ ಮೂರಕ್ಕೂ ಸೇರಿದ್ದು. 2003ರಲ್ಲಿ ಅದನ್ನು ಬಿಗಿ ಮಾಡಿದರು. ಅದರ ಪ್ರಕಾರ ಮಾನಕ ಬ್ಯೂರೋದ ಗುರುತು ಪ್ಯಾಕ್ ಮೇಲೆ ಇಲ್ಲದ ಹಾಲಿನ ಬಾಟಲಿಯನ್ನು ಮಾರುವಂತೆಯೇ ಇಲ್ಲ. ಹಾಲಿನ ಬಾಟಲಿಗೆ ಜಾಹೀರಾತು ಮಾಡುವುದಕ್ಕೂ ಆ ಕಾನೂನಿನ ತಡೆ ಇದೆ.

ಗುರುತು ಬಾಟಲಿಯ ಮೇಲೇ ಇರಬೇಕಾಗಿಲ್ಲ, ಪ್ಯಾಕ್ ಮೇಲೆ ಇರಬೇಕು. ಅದಕ್ಕೇ ಪೆಟ್ಟಿಗೆಯ ಫೋಟೋ ಕೇಳಿದ್ದು. ಬರೀ ಐಎಸ್ಐ ಚಿತ್ರ ಸಾಲದು, ಮೂರು ತುಂಡು ಒಟ್ಟಿಗೆ ಇರಬೇಕು. ಚಿತ್ರದ ಮೇಲೆ ಮಾನದಂಡದ ಸಂಖ್ಯೆ, ಪ್ಲಾಸ್ಟಿಕ್ ಬಾಟಲಿಗೆ `IS 14625`. ನಡುವೆ ಐಎಸ್ಐ ಚಿತ್ರ. ಕೆಳಗೆ `CM/L-` ಅಂತ ಶುರುವಾಗುವ ಲೈಸೆನ್ಸ್ ನಂಬರ್. ಮೇಲಿನ ಸಂಖ್ಯೆ ಬೇರೆ ಇದ್ದರೆ ಆ ಗುರುತು ಬೇರೆ ಯಾವುದೋ ವಸ್ತುವಿನದು. ಕೆಳಗಿನ ನಂಬರ್ ಇಲ್ಲದಿದ್ದರೆ ಅದು ಅಲಂಕಾರ ಅಷ್ಟೇ.

ನಂಬರ್ ಇದ್ದರೆ ಬ್ಯೂರೋದ `BIS CARE` ಆ್ಯಪ್ ತೆಗೆಯಿರಿ. `Verify Licence Details` ಅನ್ನುವಲ್ಲಿ ಆ ಅಂಕಿಗಳನ್ನು ಹಾಕಿ. ಲೈಸೆನ್ಸ್ ಯಾರದು, ಯಾವ ವಸ್ತುವಿಗೆ ಕೊಟ್ಟಿದ್ದು, ಈಗಲೂ ಚಾಲ್ತಿಯಲ್ಲಿದೆಯೇ ಅಂತ ಬರುತ್ತದೆ. ಅಲ್ಲಿ ಬಂದ ಹೆಸರು, ವಿಳಾಸವನ್ನು ಪೆಟ್ಟಿಗೆಯ ಮೇಲಿನ ತಯಾರಕರ ಹೆಸರಿನ ಜೊತೆ ಹೋಲಿಸಿ. ಬೇರೆಯವರ ನಂಬರನ್ನು ನಕಲು ಹೊಡೆದಿದ್ದರೆ ಇಲ್ಲಿ ಸಿಕ್ಕಿಬೀಳುತ್ತಾರೆ.

ತಂಗಿಯ ಪೆಟ್ಟಿಗೆಯಲ್ಲಿ ಐಎಸ್ಐ ಇರಲೇ ಇಲ್ಲ. ದೊಡ್ಡದಾಗಿ ಸಿಇ ಗುರುತು ಇತ್ತು. ನೋಡಿದವರಿಗೆ ಏನೋ ವಿದೇಶಿ ಪ್ರಮಾಣಪತ್ರ ಅನಿಸುತ್ತದೆ. ಸಿಇ ಅನ್ನುವುದು ಆಟಿಕೆ, ವಿದ್ಯುತ್ ಸಾಮಾನು ಇಂಥವುಗಳಿಗೆ ಯುರೋಪಿನಲ್ಲಿ ಹಾಕುವುದು. ಹಾಲಿನ ಬಾಟಲಿ ಆ ಪಟ್ಟಿಗೆ ಬರುವುದಿಲ್ಲ. ಪ್ಯಾಸಿಫೈಯರ್ ಆಟಿಕೆ ಅಲ್ಲ ಅಂತ ಯುರೋಪಿನ ಆಟಿಕೆ ಕಾನೂನೇ ಹೇಳುತ್ತದೆ. ಅಲ್ಲಿ ಆಹಾರ ತಾಗುವ ವಸ್ತುಗಳಿಗೆ ಇರುವುದು ಲೋಟ ಮತ್ತು ಫೋರ್ಕ್ ಇರುವ ಚಿಕ್ಕ ಚಿತ್ರ. ಇರಬಾರದ ಕಡೆ ಸಿಇ ಇದ್ದರೆ ಅದು ನನಗೆ ಭರವಸೆ ಕೊಡುವುದಿಲ್ಲ, ಅನುಮಾನ ಹೆಚ್ಚಿಸುತ್ತದೆ.

ಪೆಟ್ಟಿಗೆಯಲ್ಲಿ ತಯಾರಕರ ಅಥವಾ ಆಮದು ಮಾಡಿದವರ ಪೂರ್ತಿ ವಿಳಾಸ, ತಿಂಗಳು-ವರ್ಷ, ಎಂಆರ್‌ಪಿ ಇವೆಯೇ ಅಂತಲೂ ಒಮ್ಮೆ ಕಣ್ಣು ಹಾಯಿಸಿ.

ಹಂತ 5: ಮೋಲ್ಡಿಂಗ್ ನೋಡಿ

ಅಚ್ಚು ಅಂದರೆ ಎರಡು ಹೋಳಿನ ಲೋಹದ ಪೆಟ್ಟಿಗೆ. ಮುಚ್ಚಿ, ಪ್ಲಾಸ್ಟಿಕ್ ತುಂಬಿ, ತಣಿದ ಮೇಲೆ ತೆರೆಯುತ್ತಾರೆ. ಹೋಳುಗಳು ಸೇರುವ ಜಾಗದಲ್ಲಿ ಒಂದು ಸಣ್ಣ ಗೆರೆ ಉಳಿಯುತ್ತದೆ. ನಾವು ಅದನ್ನು ಪಾರ್ಟಿಂಗ್ ಲೈನ್ ಅನ್ನುತ್ತೇವೆ. ಗೆರೆ ಇರುವುದು ತಪ್ಪಲ್ಲ. ಅದು ಉಗುರಿಗೆ ತಾಗುವಷ್ಟು ಎದ್ದಿದ್ದರೆ ತಪ್ಪು. ಅಚ್ಚು ಸವೆದರೆ ಅಥವಾ ಸರಿಯಾಗಿ ಬಿಗಿಯದಿದ್ದರೆ ಪ್ಲಾಸ್ಟಿಕ್ ಸಂದಿಯಿಂದ ಹೊರಗೆ ಒಸರಿ ತೆಳು ಅಂಚು ಆಗುತ್ತದೆ. ಅದಕ್ಕೆ ಫ್ಲ್ಯಾಶ್ ಅಂತ ಹೆಸರು. ಪಕ್ಕದ ಬೆಳಕಿನ ಫೋಟೋದಲ್ಲಿ ಅದು ಬಿಳಿ ಎಳೆಯಂತೆ ಮಿಂಚುತ್ತದೆ.

ಬಾಟಲಿಯಲ್ಲಿ ಫ್ಲ್ಯಾಶ್ ಹುಡುಕಬೇಕಾದ ಜಾಗ ಬಾಯಿಯ ಅಂಚು ಮತ್ತು ತಿರುಪು. ನಿಪ್ಪಲ್ ಕೂರುವುದು ಅಲ್ಲಿ. ಅಲ್ಲಿ ಏರುಪೇರು ಇದ್ದರೆ ಎಷ್ಟು ಬಿಗಿ ಮಾಡಿದರೂ ಹಾಲು ಸೋರುತ್ತದೆ. ಅಡಿಯ ನಡುವೆ ಒಂದು ಚಿಕ್ಕ ಚುಕ್ಕೆ ಇದ್ದರೆ ಹೆದರಬೇಡಿ, ಪ್ಲಾಸ್ಟಿಕ್ ಒಳಗೆ ಬಂದ ಜಾಗ ಅದು. ಚುಕ್ಕೆ ಮುಳ್ಳಿನಂತೆ ಚುಚ್ಚಬಾರದು ಅಷ್ಟೇ.

ಈಗ ಮತ್ತೆ ಕಿಟಕಿ ಬೆಳಕಿನ ಫೋಟೋಗೆ ಬನ್ನಿ. ಅಡಿಯ ಮೂಲೆಗಳನ್ನು ದೊಡ್ಡದು ಮಾಡಿ ನೋಡಿ. ಬಾಟಲಿಯನ್ನು ಒಳಗಿನಿಂದ ಗಾಳಿ ಊದಿ ಹಿಗ್ಗಿಸುತ್ತಾರೆ. ಹಿಗ್ಗುವಾಗ ಪ್ಲಾಸ್ಟಿಕ್ ತೆಳ್ಳಗಾಗುವುದು ಮೂಲೆಯಲ್ಲೇ. ಒಂದು ಬದಿಯ ಗೋಡೆ ದಪ್ಪ, ಇನ್ನೊಂದು ಕಾಗದದಂತೆ ಇದ್ದರೆ ಆ ತೆಳು ಜಾಗ ಹತ್ತಾರು ಸಲ ಕುದಿಸಿದ ಮೇಲೆ ಬಿರುಕು ಬಿಡುತ್ತದೆ. ಕಪ್ಪು ಚುಕ್ಕೆಗಳೂ ಇಲ್ಲೇ ಕಾಣುತ್ತವೆ. ಅವು ಹೆಚ್ಚಾಗಿ ಮೆಷಿನ್ನಿನ ಒಳಗೆ ಸುಟ್ಟು ಅಂಟಿಕೊಂಡಿದ್ದ ಪ್ಲಾಸ್ಟಿಕ್‌ನ ಚೂರು. ಬಕೆಟ್‌ನಲ್ಲಿ ಇದ್ದರೆ ನಾನು ಪಾಸ್ ಮಾಡುತ್ತೇನೆ. ಮಗುವಿನ ಬಾಟಲಿಯಲ್ಲಿ ಒಂದು ಇದ್ದರೂ ರಿಜೆಕ್ಟ್.

ತಂಗಿಯ ಬಾಟಲಿಯಲ್ಲಿ ಅಚ್ಚಿನ ಕೆಲಸ ಪರವಾಗಿಲ್ಲ ಅನ್ನುವಂತೆ ಇತ್ತು, ಒಪ್ಪಿಕೊಳ್ಳುತ್ತೇನೆ. ಆದರೆ ಅಳತೆಯ ಗೆರೆಗಳ ಮುದ್ರಣ ಒಂದು ಕಡೆಗೆ ವಾಲಿತ್ತು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಖಾಲಿ ಬಾಟಲಿ ಇಟ್ಟು ಸೊನ್ನೆ ಮಾಡಿ, 120ರ ಗೆರೆಯವರೆಗೆ ನೀರು ಹಾಕಲು ಹೇಳಿದೆ. 120 ಮಿ.ಲೀ. ನೀರು ಸುಮಾರು 120 ಗ್ರಾಂ ತೂಗಬೇಕು. ತೂಗಿದ್ದು 108. ಅಂದರೆ ನೂರಕ್ಕೆ ಹತ್ತು ಭಾಗ ನೀರು ಕಮ್ಮಿ. 30 ಮಿ.ಲೀ. ನೀರಿಗೆ ಒಂದು ಸ್ಕೂಪ್ ಲೆಕ್ಕದಲ್ಲಿ ನಾಲ್ಕು ಸ್ಕೂಪ್ ಪುಡಿ ಹಾಕಿದರೆ ಪ್ರತಿ ಸಲವೂ ಹಾಲು ಗಟ್ಟಿಯಾಗುತ್ತಿತ್ತು.

ಹಂತ 6: ಪ್ಯಾಸಿಫೈಯರ್

ಮೊದಲೇ ತಿಳಿದಿರಲಿ, 1992ರ ಆ ಕಾನೂನು ಬಾಟಲಿ ಮತ್ತು ಅದರ ನಿಪ್ಪಲ್ ಬಗ್ಗೆ ಮಾತಾಡುತ್ತದೆ, ಪ್ಯಾಸಿಫೈಯರ್ ಬಗ್ಗೆ ಅಲ್ಲ. ಇಲ್ಲಿ ಪೆಟ್ಟಿಗೆಯಲ್ಲಿ ಹುಡುಕಬೇಕಾದದ್ದು ಯುರೋಪಿನ ಮಾನದಂಡ `EN 1400`. ಮಗು ಚೀಪುವ ಭಾಗಕ್ಕೆ ತ್ರಿಕೋನದ ಅಂಕಿ ಹುಡುಕಿ ಸುಸ್ತಾಗಬೇಡಿ. ಅದು ಸಿಲಿಕೋನ್ ಅಥವಾ ರಬ್ಬರ್. ಪಾರದರ್ಶಕ ಇದ್ದರೆ ಸಾಮಾನ್ಯವಾಗಿ ಸಿಲಿಕೋನ್, ಹಳದಿ-ಕಂದು ಇದ್ದರೆ ರಬ್ಬರ್. ಅಂಕಿ ಇರುವುದಾದರೆ ಹೊರಗಿನ ಗಟ್ಟಿ ತಟ್ಟೆಯ ಮೇಲೆ.

ಫೋಟೋದಲ್ಲಿ ಅಳೆಯಬೇಕಾದದ್ದು ಆ ತಟ್ಟೆಯ ತೂತುಗಳನ್ನು. ಅಕಸ್ಮಾತ್ ತಟ್ಟೆ ಬಾಯೊಳಗೆ ಹೋದರೂ ಉಸಿರಿಗೆ ದಾರಿ ಇರಲಿ ಅಂತ ಅವನ್ನು ಇಡುತ್ತಾರೆ. ಅಮೆರಿಕದ ನಿಯಮದಲ್ಲಿ ಎರಡು ಬದಿಗೂ ಸಮನಾಗಿ ಕನಿಷ್ಠ ಎರಡು ತೂತು, ಪ್ರತಿಯೊಂದೂ ಕನಿಷ್ಠ 5 ಮಿ.ಮೀ., ಮತ್ತು ತಟ್ಟೆಯ ಅಂಚಿನಿಂದಲೂ 5 ಮಿ.ಮೀ. ಒಳಗಿರಬೇಕು. ಅಳೆಯುವುದು ಸುಲಭ. ಪಕ್ಕದ ಸ್ಕೇಲಿನ 30 ಮಿ.ಮೀ. ಭಾಗ ನಿಮ್ಮ ಫೋನಿನ ಪರದೆಯಲ್ಲಿ 60 ಮಿ.ಮೀ. ಆಗುವವರೆಗೆ ಜೂಮ್ ಮಾಡಿ. ಈಗ ಎಲ್ಲವೂ ಎರಡು ಪಟ್ಟು. ಪರದೆಯ ಮೇಲೆ ತೂತನ್ನು ಅಳೆದು ಅರ್ಧ ಮಾಡಿ. ಸ್ಕೇಲ್ ಮತ್ತು ತಟ್ಟೆ ಒಂದೇ ಎತ್ತರದಲ್ಲಿ ಇರಬೇಕು, ಕ್ಯಾಮೆರಾ ನೇರ ಮೇಲಿನಿಂದ ನೋಡಬೇಕು. ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ತಂಗಿಯ ಪ್ಯಾಸಿಫೈಯರ್‌ನಲ್ಲಿ ತೂತು ಪರದೆಯ ಮೇಲೆ 6 ಮಿ.ಮೀ. ಬಂತು. ಅಂದರೆ ನಿಜಕ್ಕೂ 3. ಫೋಟೋ ಲೆಕ್ಕದಲ್ಲಿ ಅರ್ಧ ಮಿ.ಮೀ. ಹೆಚ್ಚು-ಕಮ್ಮಿ ಅಂತ ಬಿಟ್ಟರೂ 5ರ ಹತ್ತಿರಕ್ಕೂ ಬರುವುದಿಲ್ಲ. ತಟ್ಟೆಯ ಸುತ್ತ ಕೆನ್ನೆಗೆ ತಾಗುವ ಅಂಚಿನಲ್ಲಿ ಫ್ಲ್ಯಾಶ್ ಗರಗಸದ ಹಲ್ಲಿನಂತೆ ಕಾಣುತ್ತಿತ್ತು. ಹಿಂದಿನ ಉಂಗುರವನ್ನು ತಟ್ಟೆಗೆ ಸೇರಿಸಿದ ಗುಂಡಿಯ ಸುತ್ತ ಒಂದು ಕೂದಲಿನಷ್ಟು ಸಂದಿ.

ಎರಡು-ಮೂರು ತುಂಡು ಸೇರಿಸಿ ಮಾಡಿದ ಪ್ಯಾಸಿಫೈಯರ್‌ನ ದೊಡ್ಡ ಅಪಾಯ ಆ ಸಂದಿಯೇ. ತುಂಡು ಕಳಚಿದರೆ ಗಂಟಲಿಗೆ ಹೋಗುತ್ತದೆ. ಅಮೆರಿಕದಲ್ಲಿ ಸುಮಾರು ನಾಲ್ಕೂವರೆ ಕೆ.ಜಿ. ಬಲದಲ್ಲಿ 10 ಸೆಕೆಂಡ್ ಎಳೆದು ಪರೀಕ್ಷಿಸುತ್ತಾರೆ. ಬಲ ಎಷ್ಟು ಅಂತ ಫೋಟೋ ಹೇಳುವುದಿಲ್ಲ. ಆದ್ದರಿಂದ ಕೈಗೆ ಬಂದ ಮೇಲೆ ಚೀಪುವ ಭಾಗವನ್ನು ಎಲ್ಲ ದಿಕ್ಕಿಗೂ ಗಟ್ಟಿಯಾಗಿ ಎಳೆದು ನೋಡಿ. ಪ್ರತಿ ಸಲ ಮಗುವಿಗೆ ಕೊಡುವ ಮುಂಚೆಯೂ ಎಳೆಯಿರಿ. ಹಲ್ಲು ಬಂದ ಮಗು ಸಿಲಿಕೋನನ್ನು ಕಚ್ಚಿ ಚೂರು ಮಾಡುವುದು ಗೊತ್ತೇ ಆಗುವುದಿಲ್ಲ. ದಾರ ಕಟ್ಟಿ ಕೊರಳಿಗೆ ಹಾಕಲೇಬೇಡಿ. ಎಳೆದು ಬಿಳಿಯಾದರೆ ನಕಲಿ ಸಿಲಿಕೋನ್ ಅನ್ನುವ ಒಂದು ಉಪಾಯ ಎಲ್ಲ ಕಡೆ ಓಡಾಡುತ್ತದೆ. ಬಣ್ಣ ಮತ್ತು ದಪ್ಪದ ಮೇಲೆ ಅದು ಬದಲಾಗುತ್ತದೆ, ನಾನು ನೆಚ್ಚಿಕೊಳ್ಳುವುದಿಲ್ಲ.

ಫೋಟೋ ಹೇಳದ ಮಾತು

ಎಲ್ಲ ಹಂತ ದಾಟಿದ 5ರ ಬಾಟಲಿಯೂ ಬಿಸಿಗೆ ತನ್ನ ಪಾಲು ಉದುರಿಸುತ್ತದೆ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನವರು 2020ರಲ್ಲಿ ಪಿಪಿ ಬಾಟಲಿಯಲ್ಲಿ ಬಿಸಿ ನೀರು ಹಾಕಿ ಅಲುಗಾಡಿಸಿದಾಗ ಲೀಟರಿಗೆ ಲಕ್ಷಗಟ್ಟಲೆ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸಿಕ್ಕವು. ಅದು ಮಗುವಿಗೆ ಏನು ಮಾಡುತ್ತದೆ ಅನ್ನುವುದು ಇನ್ನೂ ಸ್ಪಷ್ಟವಿಲ್ಲ. ಆದರೆ ಮಾಡಬಹುದಾದ ಕೆಲಸ ಸಣ್ಣದು. ಹಾಲನ್ನು ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಕಲಸಿ, ಕುಡಿಯುವ ಹದಕ್ಕೆ ಆರಿದ ಮೇಲೆ ಬಾಟಲಿಗೆ ಹಾಕಿ.

ಮಾರನೇ ದಿನ ಬೆಳಗ್ಗೆ ತಂಗಿಗೆ ಫೋನ್ ಮಾಡಿ ಎರಡನ್ನೂ ಎತ್ತಿಡಲು ಹೇಳಿದೆ. "ಕೊಟ್ಟೋರು ಕೇಳಿದ್ರೆ ಏನ್ ಹೇಳ್ಲಿ ಅಣ್ಣ?" ಅಂದಳು. "ಮಗು ಬಾಟಲಿ ಒಪ್ಪಲಿಲ್ಲ ಅನ್ನು" ಅಂದೆ. `IS 14625` ಇರುವ ಹೊಸ ಬಾಟಲಿ ಬರಲು ಮೂರು ದಿನ ಆಯಿತು. ಅಲ್ಲಿಯವರೆಗೆ ಅಮ್ಮ ಅಟ್ಟದಿಂದ ನಮ್ಮ ಕಾಲದ ಹಿತ್ತಾಳೆ ಒಳಲೆ ಇಳಿಸಿ ಕೊಟ್ಟಿದ್ದರು. ಅದು ಬೇಡ ಅಂದೆ, ಕಲಾಯಿ ಹೋಗಿತ್ತು. ಸ್ಟೀಲಿನ ಒಳಲೆ ಕುದಿಸಿ ಅದರಲ್ಲೇ ಕುಡಿಸಿದರು.